ಭಾವನಿಗೆ ಜ್ವರ ಬಿಟ್ಟಿತ್ತು

"ಜ್ವರ ಬಿಟ್ಟಿದೆ, ಇನ್ನೇನೂ ಭಯ ಇಲ್ಲ." ಈ ಒಂದು ಮಾತು ಕೇಳಿದರೆ ಈಗ ನನಗೆ ಮೈಯೆಲ್ಲಾ ಉರಿಯುತ್ತದೆ. ಕಳೆದ ಶನಿವಾರ ಬೆಳಿಗ್ಗೆ ನನ್ನ ಭಾವ ಇದೇ ಮಾತು ಹೇಳಿಕೊಂಡು ನಮ್ಮ ಲ್ಯಾಬ್ ಬಾಗಿಲಲ್ಲಿ ನಿಂತಿದ್ದರು. ತಾವೇ ಬೈಕ್ ಓಡಿಸಿಕೊಂಡು ಬಂದಿದ್ದರು. ರಕ್ತ ತೆಗೆಯೋಣ ಅಂತ ಕೈ ಹಿಡಿದೆ. ಕೈ ತಣ್ಣಗಿತ್ತು. ಅಂಗೈ ಬೆವರಿತ್ತು.

ಲ್ಯಾಬಿನಲ್ಲಿ ದಿನವೂ ರಕ್ತದ ಲೆಕ್ಕ ನೋಡುವುದೇ ನನ್ನ ಕೆಲಸ. ಹಾಗಿದ್ದೂ ಈ ಮನುಷ್ಯ ನಾಲ್ಕು ದಿನ ನನ್ನ ಕಣ್ಣೆದುರೇ ಓಡಾಡಿದರು, ನಾನು ಸುಮ್ನಿದ್ದೆ. ಅವರಿಗೆ ಬಂದಿದ್ದದ್ದು ಡೆಂಗಿ. ನಾನು ಯಾಕೆ ಸುಮ್ನಿದ್ದೆ ಅನ್ನೋದನ್ನು ಆಮೇಲೆ ಹೇಳ್ತೀನಿ.

ಸೋಮವಾರ ಸಂಜೆ ಜ್ವರ ಶುರುವಾಗಿತ್ತು, 103. ಮೈಕೈಯೆಲ್ಲಾ ಮುರಿದು ಹಾಕಿದ ಹಾಗೆ ನೋವು. ಮುಖ, ಕುತ್ತಿಗೆ ಕೆಂಪು. ಮನೆಯವರೆಲ್ಲ ಸೇರಿ ಒಂದೇ ಮಾತಿಗೆ ತೀರ್ಮಾನ ಮಾಡಿಬಿಟ್ಟರು: ಚಿಕೂನ್‌ಗುನ್ಯಾ. ನಮ್ಮ ಕಡೆ ಜ್ವರದ ಜೊತೆ ಮೈಕೈ ನೋವು ಬಂದರೆ ಅದು ಚಿಕೂನ್‌ಗುನ್ಯಾನೇ. ಅದಕ್ಕೆ ಕಾರಣ 2006. ಆ ವರ್ಷ ದೇಶದಲ್ಲಿ ಹದಿಮೂರು ಲಕ್ಷಕ್ಕೂ ಜಾಸ್ತಿ ಜನರಿಗೆ ಈ ಜ್ವರದ ಶಂಕೆ ಇತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದಲ್ಲೇ. ನಮ್ಮ ಅವ್ವನಿಗೂ ಬಂದಿತ್ತು. ನಾಲ್ಕು ದಿನಕ್ಕೆ ಜ್ವರ ಹೋಯಿತು, ನೋವು ಎಂಟು ತಿಂಗಳು ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಚೋಕೆ ಆಗ್ತಿರಲಿಲ್ಲ. ಎರಡೂ ಮಣಿಕಟ್ಟು, ಎರಡೂ ಹರಡು ಊದಿಕೊಂಡಿರುತ್ತಿದ್ದವು. ರೊಟ್ಟಿ ತಟ್ಟುವ ಕೈ ಅದು, ಲೋಟ ಎತ್ತೋಕೂ ಎರಡು ಕೈ ಬೇಕಾಗ್ತಿತ್ತು. ಅದನ್ನು ನೋಡಿದ ಮನೆಗೆ ಇವತ್ತಿಗೂ ಸೊಳ್ಳೆ ಜ್ವರ ಅಂದರೆ ಗಂಟು ನೋವಿನದೇ ಹೆದರಿಕೆ. ಪ್ರಾಣದ ಹೆದರಿಕೆ ಇಲ್ಲ.

ಚಿಕೂನ್‌ಗುನ್ಯಾ ಅಂದರೆ ಅವ್ವನ ಕೈಗೆ ಆಗಿತ್ತಲ್ಲ, ಅದು. ನೋವು ಗಂಟಿನಲ್ಲೇ ಕೂತಿರುತ್ತದೆ, ಎಡಗೈಗೆ ಬಂದರೆ ಬಲಗೈಗೂ ಬರುತ್ತದೆ, ಎಷ್ಟೋ ಸಲ ಊತ ಕಣ್ಣಿಗೆ ಕಾಣುತ್ತದೆ. ಆ ಹೆಸರು ಬಂದದ್ದೇ ಟಾಂಜಾನಿಯಾದ ಮಕೊಂಡೆ ಭಾಷೆಯಿಂದ, ನೋವಿಗೆ ಬಾಗಿ ನಡೆಯುವುದು ಅನ್ನುವ ಅರ್ಥದಲ್ಲಿ. ಡೆಂಗಿಯ ನೋವು ಹಾಗಲ್ಲ. ಅದು ಮೂಳೆಯೊಳಗೆ, ಸೊಂಟದಲ್ಲಿ, ತೊಡೆಯ ಮಾಂಸದಲ್ಲಿ, ಕಣ್ಣುಗುಡ್ಡೆಯ ಹಿಂದೆ. ಗಂಟು ಸಾಮಾನ್ಯವಾಗಿ ಊದುವುದಿಲ್ಲ. ಭಾವನಿಗೆ ಕಣ್ಣು ಹೊರಳಿಸಿದರೆ ನೋವು. ಮುಷ್ಟಿ ಮಾತ್ರ ಸಲೀಸಾಗಿ ಮಡಚುತ್ತಿದ್ದರು. ಬೈಕಿನ ಕ್ಲಚ್ ಹಿಡಿಯೋಕೆ ಒಂದಿಷ್ಟೂ ತೊಂದರೆ ಇರಲಿಲ್ಲ. ಅದನ್ನು ನಾನು ನೋಡಬೇಕಿತ್ತು.

ಆದರೆ ಮೊದಲ ಎರಡು ಮೂರು ದಿನ ಬರೀ ನೋವು ನೋಡಿ ಇದು ಇಂಥದ್ದೇ ಅಂತ ಯಾರೂ ಗ್ಯಾರಂಟಿ ಕೊಡೋಕೆ ಆಗಲ್ಲ. ಎರಡನ್ನೂ ತರುವುದು ಅದೇ ಹಗಲು ಕಚ್ಚುವ, ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್ ಸೊಳ್ಳೆ. ಎರಡೂ ಒಟ್ಟಿಗೇ ಬಂದವರೂ ಇದ್ದಾರೆ. ದದ್ದು ಎರಡರಲ್ಲೂ ಏಳುತ್ತದೆ. ಅದಕ್ಕೇ ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಡೆಂಗಿ ಅಂತಲೇ ನಡೆದುಕೊಳ್ಳಬೇಕು. ನಮ್ಮಲ್ಲಿ ಮಾಡುವುದು ತಿರುಗಾ ಮುರುಗಾ. ಚಿಕೂನ್‌ಗುನ್ಯಾ ಅಂದುಕೊಂಡು ನೋವಿಗೆ ಔಷಧಿ ಶುರು.

ಭಾವನಿಗೂ ಅದೇ ಆಯಿತು. ಮಂಗಳವಾರ ಒಂದು ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ನೋವಿನ ಇಂಜೆಕ್ಷನ್, ಜೊತೆಗೆ ಮೂರು ದಿನಕ್ಕೆ ಡೈಕ್ಲೋಫೆನಾಕ್ ಮಾತ್ರೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತಿರುತ್ತದೆ. ಅಂಥ ಹೊತ್ತಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟರೆ ಹೊಟ್ಟೆಯೊಳಗೆ ರಕ್ತ ಒಸರೋಕೆ ದಾರಿ ಮಾಡಿಕೊಟ್ಟ ಹಾಗೆ. ಸೊಂಟಕ್ಕೆ ಚುಚ್ಚಿದರೆ ಮಾಂಸದೊಳಗೇ ರಕ್ತ ಕಟ್ಟಿಕೊಳ್ಳಬಹುದು. ಈ ದಿನಗಳಲ್ಲಿ ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಒಂದೇ. ದೊಡ್ಡವರಿಗೆ 500 ಅಥವಾ 650ರ ಒಂದು ಮಾತ್ರೆ, ಆರು ಗಂಟೆಗೊಮ್ಮೆ, ಅಷ್ಟೇ. ನೋವು ಪೂರ್ತಿ ಹೋಗಲ್ಲ, ನಿಜ. ಹಾಗಂತ ಜಾಸ್ತಿ ನುಂಗುವಂತಿಲ್ಲ, ಲಿವರ್‌ಗೆ ಪೆಟ್ಟು.

ಬುಧವಾರ, ಅಂದರೆ ಮೂರನೇ ದಿನ, ನಮ್ಮ ಲ್ಯಾಬಿನಲ್ಲೇ ರಕ್ತಕಣ ಎಣಿಸುವ ಸಿಬಿಸಿ ಟೆಸ್ಟ್ ಮಾಡಿದೆ. ಪ್ಲೇಟ್‌ಲೆಟ್ 1,30,000. ಬಿಳಿ ರಕ್ತಕಣ 3,200, ಅದು ಕಡಿಮೆ. ರಕ್ತದಲ್ಲಿ ಕೆಂಪು ಕಣದ ಪಾಲು ಹೇಳುವ ಪಿಸಿವಿ 40. ಎನ್ಎಸ್1 ಟೆಸ್ಟ್ ಮಾಡೋಣವಾ ಅಂತ ಕೇಳಿದೆ. ಜ್ವರ ಬಂದ ಮೊದಲ ಐದು ದಿನದಲ್ಲಿ ಡೆಂಗಿ ಹಿಡಿದುಕೊಡುವ ಟೆಸ್ಟ್ ಅದು. "ಯಾಕವ್ವ ಸುಮ್ನೆ ದುಡ್ಡು, ಮೈಕೈ ನೋವು ನೋಡಿದ್ರೆ ಗೊತ್ತಾಗಲ್ವಾ?" ಅಂದರು. ನಾನೂ ಹೂಂ ಅಂದುಬಿಟ್ಟೆ. ಅವ್ವನ ಕೈ ನೆನಪಾಗಿ, ಹೌದು ಇದು ಅದೇ ಇರಬೇಕು ಅನ್ನಿಸಿತು. ಬೇರೆ ಪೇಷಂಟ್ ಆಗಿದ್ದರೆ ಬಿಡುತ್ತಿರಲಿಲ್ಲ, ಡಾಕ್ಟರಿಗೇ ಫೋನ್ ಮಾಡುತ್ತಿದ್ದೆ. ನನ್ನ ಅಕ್ಕನ ಗಂಡನಿಗೆ ಮಾಡಲಿಲ್ಲ. ಈ ಒಂದು ವಿಷಯ ನಾಲ್ಕು ರಾತ್ರಿ ನನಗೆ ನಿದ್ದೆ ಕೊಟ್ಟಿಲ್ಲ.

ಶುಕ್ರವಾರ ಬೆಳಿಗ್ಗೆ ಜ್ವರ ಪೂರ್ತಿ ಇಳಿಯಿತು. ಅಕ್ಕ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಇಲ್ಲೇ ನೋಡಿ ಎಲ್ಲರೂ ಎಡವುವುದು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ ಜ್ವರ ಬಿಡುತ್ತದೆ. ಅಲ್ಲಿಂದ ಮುಂದಿನ 24ರಿಂದ 48 ಗಂಟೆ ಕೆಲವರಲ್ಲಿ ಸಣ್ಣ ರಕ್ತನಾಳಗಳು ಸೋರಲು ಶುರುವಾಗುತ್ತವೆ. ಸೋರುವುದು ರಕ್ತದ ನೀರಿನ ಭಾಗ. ಕಣಗಳು ನಾಳದೊಳಗೇ ಉಳಿಯುತ್ತವೆ. ಒಲೆ ಮೇಲಿಟ್ಟ ಸಾರಿನ ನೀರು ಇಂಗಿದರೆ ಗಟ್ಟಿಯಾಗುತ್ತದಲ್ಲ, ಹಾಗೆ ರಕ್ತ ಗಟ್ಟಿಯಾಗುತ್ತಾ ಹೋಗುತ್ತದೆ. ಸೋರಿದ ನೀರು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ತುಂಬಿಕೊಳ್ಳುತ್ತದೆ. ಹೊರಗಿನಿಂದ ಒಂದು ಹನಿ ರಕ್ತವೂ ಕಾಣುವುದಿಲ್ಲ. ಮನುಷ್ಯ ಎದ್ದು ಕೂತು ಮಾತಾಡುತ್ತಲೇ ಇರುತ್ತಾನೆ.

ಶನಿವಾರ ಕೈ ತಣ್ಣಗಿದ್ದದ್ದು ನೋಡಿ ಕೇಳಿದೆ, "ಭಾವ, ಮೂತ್ರಕ್ಕೆ ಯಾವಾಗ ಹೋಗಿದ್ರಿ?" ಯೋಚನೆ ಮಾಡಿ, "ರಾತ್ರಿ ಊಟಕ್ಕೆ ಮುಂಚೆ" ಅಂದರು. ಆಗ ಬೆಳಿಗ್ಗೆ ಒಂಬತ್ತು ಗಂಟೆ. ರಾತ್ರಿಯಿಂದ ಮೂರು ಸಲ ವಾಂತಿ ಆಗಿತ್ತು, ಪಪ್ಪಾಯ ಎಲೆ ರಸ ಕುಡಿದಿದ್ದಕ್ಕೆ ಅಂದುಕೊಂಡಿದ್ದರು. ಹೊಟ್ಟೆ ಬಲಗಡೆ, ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ನೋವು. ಬಿಪಿ ನೋಡಿದರೆ 100/80. "ನೂರು ಇದೆಯಲ್ಲ, ಪರವಾಗಿಲ್ಲ" ಅಂದರು. ಮೇಲಿನ ಅಂಕಿ ನೋಡಿದರೆ ಸಾಲದು. ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯೆ ಬರೀ 20 ಉಳಿದಿತ್ತು. ಡೆಂಗಿಯಲ್ಲಿ ಆ ಅಂತರ 20ಕ್ಕೆ ಇಳಿಯಿತು ಅಂದರೆ ಮೈ ಆಘಾತಕ್ಕೆ ಜಾರುತ್ತಿದೆ, ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗುತ್ತಿಲ್ಲ ಅಂತ ಅರ್ಥ. ಎಷ್ಟೋ ಸಲ ಬಿಪಿ ಕುಸಿಯುವುದು ಕೊನೆಗೆ.

ರಿಪೋರ್ಟ್ ಬಂತು. ಓಡಿ ಬಂದಿದ್ದ ಅಕ್ಕ ಕೇಳಿದ ಮೊದಲ ಪ್ರಶ್ನೆ, "ಪ್ಲೇಟ್‌ಲೆಟ್ ಎಷ್ಟು?" 46,000. "ಇಪ್ಪತ್ತು ಸಾವಿರಕ್ಕಿಂತ ಕೆಳಗೆ ಹೋಗಿಲ್ಲ ಅಲ್ವಾ, ಬಿಡು" ಅಂತ ಉಸಿರು ಬಿಟ್ಟಳು. ನನ್ನ ಕಣ್ಣು ಅದರ ಮೇಲಿನ ಸಾಲಿನಲ್ಲಿತ್ತು. ಪಿಸಿವಿ 49. ನೂರು ಪಾಲು ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಅನ್ನುವುದೇ ಪಿಸಿವಿ. ಬುಧವಾರ 40 ಇದ್ದದ್ದು ಈಗ 49. ಐದನೇ ಒಂದು ಪಾಲಿಗಿಂತ ಜಾಸ್ತಿ ಏರಿದೆ. ರಕ್ತ ಗಟ್ಟಿಯಾಗಿದೆ, ನೀರು ಸೋರುತ್ತಿದೆ ಅಂತ ಆ ಅಂಕಿ ಕೂಗಿ ಹೇಳುತ್ತಿತ್ತು. ಬುಧವಾರದ ಅಂಕಿ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಗಂಡಸರಲ್ಲಿ 49 ಸಾಮಾನ್ಯ ಅಂತಲೇ ರಿಪೋರ್ಟಿನಲ್ಲಿ ಅಚ್ಚಾಗಿರುತ್ತದೆ.

ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಜ್ವರದ ಸೀಸನ್ ಬಂದರೆ ಎಲ್ಲರ ಬೆರಳೂ ಪ್ಲೇಟ್‌ಲೆಟ್ ಸಾಲಿನ ಮೇಲೆ. ಒಬ್ಬರೂ ಪಿಸಿವಿ ಕೇಳಲ್ಲ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಹತ್ತು ಸಾವಿರದವರೆಗೆ ಇಳಿದರೂ ಸಾಮಾನ್ಯವಾಗಿ ಹೊರಗಿನಿಂದ ಕೊಡುವುದಿಲ್ಲ. ಜೀವ ಉಳಿಸುವುದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಹೋಗುವ ಡ್ರಿಪ್. ಪಪ್ಪಾಯ ಎಲೆ ರಸದಿಂದ ಪ್ಲೇಟ್‌ಲೆಟ್ ಏರಿತು ಅಂತಲೇ ಇಟ್ಟುಕೊಳ್ಳಿ, ಅದರಿಂದ ನಾಳದ ಸೋರಿಕೆ ನಿಲ್ಲುತ್ತದೆಯಾ? ವಾಂತಿ ಆಗುತ್ತಿರುವ ಮನುಷ್ಯನಿಗೆ ಆ ಕಹಿ ಕುಡಿಸಿ, ಬಂದ ವಾಂತಿಯನ್ನು ರಸದ ಲೆಕ್ಕಕ್ಕೆ ಹಾಕಿ ಒಂದಿಡೀ ರಾತ್ರಿ ಕಳೆದರು. ನನಗೆ ಸಂಕಟವಾಗುವುದು ಅದಕ್ಕೆ.

ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಹಾಕಿ, ಗಂಟೆಗೊಮ್ಮೆ ಬಿಪಿ, ಮೂತ್ರದ ಅಳತೆ, ಕೆಲವು ಗಂಟೆಗೊಮ್ಮೆ ಪಿಸಿವಿ ನೋಡಿದರು. ಎನ್ಎಸ್1 ನೆಗೆಟಿವ್ ಬಂತು. ಅದನ್ನು ನೋಡಿ ಮತ್ತೆ ಒಬ್ಬರು "ಡೆಂಗಿ ಅಲ್ಲವಂತೆ" ಅಂದರು. ಆರನೇ ದಿನಕ್ಕೆ ಎನ್ಎಸ್1 ಎಷ್ಟೋ ಜನರಲ್ಲಿ ಸಿಗುವುದೇ ಇಲ್ಲ, ಆಗ ರೋಗದ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಐಜಿಎಂ ನೋಡಬೇಕು. ಅದು ಪಾಸಿಟಿವ್. ಚಿಕೂನ್‌ಗುನ್ಯಾ ಐಜಿಎಂ ನೆಗೆಟಿವ್. ಸಂಜೆ ಐದಕ್ಕೆ ಭಾವ ಮೂತ್ರ ಮಾಡಿದರು. ಅಕ್ಕನಿಗೆ ಫೋನಿನಲ್ಲಿ ಅದನ್ನು ಹೇಳುವಾಗ ನನಗೆ ಅಳು ಬಂತು.

"ನೂರಕ್ಕೆ ತೊಂಬತ್ತು ಜನಕ್ಕೆ ಡೆಂಗಿ ತಾನಾಗೇ ವಾಸಿ ಆಗುತ್ತೆ, ಜನರನ್ನು ಹೆದರಿಸಬೇಡ" ಅಂತ ಒಬ್ಬ ಗೆಳತಿ ಮೆಸೇಜ್ ಮಾಡಿದ್ದಾಳೆ. ಹೆಚ್ಚಿನವರಿಗೆ ತಾನಾಗೇ ವಾಸಿ ಆಗುತ್ತದೆ, ಒಪ್ಪುತ್ತೇನೆ. ಎಲ್ಲರನ್ನೂ ಅಡ್ಮಿಟ್ ಮಾಡಿ ಅಂತ ನಾನು ಹೇಳುತ್ತಲೇ ಇಲ್ಲ. ಮನೆಯಲ್ಲೇ ಗಂಜಿ, ಎಳನೀರು, ಓಆರ್‌ಎಸ್ ಕುಡಿಸಿ, ಮಲಗಿಸಿ. ಆದರೆ ಜ್ವರ ಬಿಟ್ಟ ಮೇಲೆ ಎರಡು ದಿನ ಕಣ್ಣಿಟ್ಟು ನೋಡಿ. ಹೊಟ್ಟೆ ನೋವು ಬಿಡದೆ ಇದ್ದರೆ, ದಿನಕ್ಕೆ ಮೂರು ಸಲ ವಾಂತಿ ಆದರೆ, ಒಸಡು ಮೂಗಿನಲ್ಲಿ ರಕ್ತ ಕಂಡರೆ, ಮಲ ಕಪ್ಪಗಾದರೆ, ನಿಂತಾಗ ತಲೆ ತಿರುಗಿದರೆ, ಆರು ಗಂಟೆ ಮೂತ್ರ ಬರದಿದ್ದರೆ, ಉಸಿರಾಟ ಕಷ್ಟವಾದರೆ, ಮಗು ಮಂಕಾಗಿ ಬಿದ್ದುಕೊಂಡರೆ ಅಥವಾ ಸುಮ್ಮನೆ ಚಡಪಡಿಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಇದರಲ್ಲಿ ಒಂದು ಕಂಡರೂ ಸಾಕು, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಗರ್ಭಿಣಿ, ಎಳೆ ಮಗು, ಶುಗರ್ ಇರುವವರು, ವಯಸ್ಸಾದವರು ಮನೆಯಲ್ಲಿದ್ದರೆ ಅಷ್ಟೂ ಕಾಯಬೇಡಿ, ಮೊದಲೇ ತೋರಿಸಿ. ಇವರಿಗೆ ಚಿಕೂನ್‌ಗುನ್ಯಾ ಕೂಡ ಹಗುರವಲ್ಲ.

ಭಾವ ನಿನ್ನೆ ಮನೆಗೆ ಬಂದರು. ಪಿಸಿವಿ 39. ಎರಡೂ ಕಾಲಿನ ಮೇಲೆ ಕೆಂಪು ದದ್ದು, ಅದರ ಮಧ್ಯೆ ಅಲ್ಲಲ್ಲಿ ದುಂಡಗೆ ಬಿಳಿ ಚರ್ಮ ಉಳಿದಿದೆ, ತುರಿಕೆ ಬೇರೆ. ಹೊಸ ಕಾಯಿಲೆ ಅಂತ ಅಕ್ಕ ಗಾಬರಿಯಾಗಿದ್ದಳು. ಡೆಂಗಿ ವಾಸಿ ಆಗುವಾಗ ಬರುವ ದದ್ದು ಇದು ಅಂತ ಹೇಳಿದ ಮೇಲೆ ಕೂತಳು.

ಅವರ ಎದುರು ಮನೆ ಹುಡುಗಿಗೆ ಮೊನ್ನೆಯಿಂದ ಜ್ವರ, ಮೈಕೈ ನೋವು. ಮನೆಯವರು ಇದು ಚಿಕೂನ್‌ಗುನ್ಯಾ ಅಂದರು. ಟೇಬಲ್ ಮೇಲಿದ್ದ ನೋವಿನ ಮಾತ್ರೆ ಸ್ಟ್ರಿಪ್ ತೆಗೆಸಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಎನ್ಎಸ್1ಗೂ ಸಿಬಿಸಿಗೂ ರಕ್ತ ತೆಗೆದುಕೊಂಡು ಬಂದಿದ್ದೇನೆ. ಪಿಸಿವಿ 36. ಅದನ್ನು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿನ ಕೆಳಗೆ ದೊಡ್ಡದಾಗಿ ಬರೆಸಿದ್ದೇನೆ. ಜ್ವರ ಬಿಟ್ಟ ದಿನ ನನಗೆ ಫೋನ್ ಮಾಡಬೇಕು ಅಂತ ಹೇಳಿದ್ದೇನೆ.