ದಾಳದ ಆಟದ ಟಿಕೆಟ್ ಬೆಲೆ: ಒಂದು ಸ್ಪಷ್ಟನೆ

"ಹಾಸನದ ಶಾಲಾ ಮೇಳದ ದಾಳದ ಆಟದಲ್ಲಿ ಆರು ಬಿದ್ದರೆ 30 ರೂಪಾಯಿ, ಐದು ಬಿದ್ದರೆ 12. ಎರಡರ ಸರಾಸರಿ 21. ಟಿಕೆಟ್ ಬರೀ 10 ರೂಪಾಯಿ, ಹಾಗಾಗಿ ಆಡಿದವರಿಗೇ ಲಾಭ."

ಇದು ತಪ್ಪು. ಈ ಸರಾಸರಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಬಿಟ್ಟೇ ಹೋಗಿವೆ. ಅವು ಬಿದ್ದರೆ ಸಿಗೋದು ಸೊನ್ನೆ, ಅಲ್ವಾ? ಆರೂ ಮುಖಗಳಿಗೆ ಸಮಾನ ಅವಕಾಶ ಇರುವುದರಿಂದ ಪ್ರತಿ ಬಹುಮಾನವನ್ನೂ ಆರರಿಂದ ಭಾಗಿಸಿ ಕೂಡಿಸಬೇಕು:

30/6 + 12/6 + 0 = 5 + 2 = 7

ಈ 7 ರೂಪಾಯಿಯೇ ನಿರೀಕ್ಷಿತ ಮೌಲ್ಯ, ಅಂದರೆ ಟಿಕೆಟ್‌ನ ನ್ಯಾಯವಾದ ಬೆಲೆ. 10 ಕೊಟ್ಟವರು ಪ್ರತಿ ಆಟಕ್ಕೆ ಸರಾಸರಿ 3 ರೂಪಾಯಿ ಬಿಟ್ಟು ಬರುತ್ತಾರೆ.

ಆದರೆ ಯಾರ ಕೈಗೂ ಸರಿಯಾಗಿ 7 ರೂಪಾಯಿ ಬರುವುದಿಲ್ಲ. ಅದು ತುಂಬಾ ಆಟಗಳ ಸರಾಸರಿ. 60 ಮಕ್ಕಳು ಆಡಿದರೆ ಡಬ್ಬಿಗೆ 600 ಬೀಳುತ್ತದೆ. ಹತ್ತು ಸಲ ಆರು, ಹತ್ತು ಸಲ ಐದು ಬಿದ್ದರೆ 300 ಮತ್ತು 120 ಹೊರಗೆ ಹೋಗಿ 180 ಉಳಿಯುತ್ತದೆ. ಆರು 14 ಸಲ ಬಿದ್ದರೆ ಇನ್ನೂ 120 ಜಾಸ್ತಿ ಹೋಗಿ ಬರೀ 60 ಉಳಿಯುತ್ತದೆ. 60 ಆಟದಲ್ಲಿ ಇಷ್ಟು ಏರುಪೇರು ಸಹಜ, ಸುಮ್ನೆ ದಾಳವನ್ನು ಅನುಮಾನಿಸಬೇಡಿ. ನೂರಾರು ಆಟ ಬರೆದಿಟ್ಟಾಗಲೂ ಆರು ಹೀಗೇ ಜಾಸ್ತಿ ಬೀಳುತ್ತಿದ್ದರೆ ದಾಳ ಬದಲಿಸಿ.