ಮೂವತ್ತು ಲಕ್ಷದ ಮನೆಗೆ ಎಪ್ಪತ್ತು ಲಕ್ಷದ ಬಿಲ್ಲು

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವನವರು, ತೀರ್ಥಹಳ್ಳಿಯ ಹತ್ತಿರ ಕಟ್ಟಿಸುತ್ತಿರುವ ಮನೆ 1,500 ಚದರಡಿಯದು. ಚದರಡಿಗೆ 2,000 ರೂಪಾಯಿಯಂತೆ, ಸಾಮಾನು ಕೂಲಿ ಎರಡೂ ಸೇರಿ 30 ಲಕ್ಷ ರೂಪಾಯಿಗೆ ಕಂಟ್ರಾಕ್ಟರರ ಜೊತೆ ಛಾಪಾ ಕಾಗದದ ಮೇಲೆ ಕರಾರು ಆಗಿದೆ. ಇಷ್ಟು ಸ್ಪಷ್ಟವಾಗಿರುವ ಮನೆಯ ಬಿಲ್ಲು 70,10,000 ರೂಪಾಯಿಗೆ ಹೋಯಿತೆಂದು ಭಾವನವರು ರಾತ್ರಿ ಹೊತ್ತು ಫೋನು ಮಾಡಿ ತಿಳಿಸಿದಾಗ, ಇವರು ಯಾರಿಗೂ ಹೇಳದೆ ಇನ್ನೊಂದು ಮಹಡಿ ಎತ್ತಿಸಿಬಿಟ್ಟರೇನೋ ಎಂದು ನಾನು ಅನುಮಾನಿಸಿದೆ. ಶಿವಮೊಗ್ಗದ ಬ್ಯಾಂಕೊಂದರ ಕೌಂಟರಿನ ಹಿಂದೆ ಕೂತು ನಿವೃತ್ತನಾದ ತಪ್ಪಿಗೆ, ನೆಂಟರಿಷ್ಟರ ಎಲ್ಲ ಲೆಕ್ಕಗಳಿಗೂ ನಾನೇ ಆಡಿಟರು. ಬೆಳಗಾದ ಮೇಲೆ ಬಸ್ಸು ಹತ್ತಿದೆ.

ಎಪ್ಪತ್ತು ಲಕ್ಷದ ಗುಟ್ಟು ಕಾಫಿ ಆರುವ ಮೊದಲೇ ಬಯಲಾಯಿತು. ಕಂಟ್ರಾಕ್ಟರರು ಈವರೆಗೆ ನಾಲ್ಕು ಬಿಲ್ಲು ಕೊಟ್ಟಿದ್ದರು: ಮೊದಲನೆಯದು 9,00,000, ಎರಡನೆಯದು 13,50,000, ಮೂರನೆಯದು 21,00,000, ನಾಲ್ಕನೆಯದು 26,60,000. ಭಾವನವರು ನಾಲ್ಕನ್ನೂ ಕೂಡಿಸಿದ್ದರು. ಆದರೆ ಕಟ್ಟಡದ ಕೆಲಸದಲ್ಲಿ ಕೊಡುವುದು ಸಾಮಾನ್ಯವಾಗಿ ರನ್ನಿಂಗ್ ಬಿಲ್ಲು. ಅದರಲ್ಲಿರುವುದು ಆ ತಿಂಗಳ ಕೆಲಸದ ಬೆಲೆಯಲ್ಲ, ಪಾಯ ತೋಡಿದ ದಿನದಿಂದ ಇಂದಿನವರೆಗಿನ ಅಷ್ಟೂ ಕೆಲಸದ ಒಟ್ಟು ಬೆಲೆ. ಹಿಂದಿನ ಬಿಲ್ಲು ಮುಂದಿನ ಬಿಲ್ಲಿನ ಹೊಟ್ಟೆಯೊಳಗೇ ಇರುತ್ತದೆ. ಆದ್ದರಿಂದ ನೋಡಬೇಕಾದದ್ದು ಕೊನೆಯ ಬಿಲ್ಲನ್ನು ಮಾತ್ರ, ಅದರಲ್ಲಿ ಈವರೆಗೆ ಸಂದಾಯವಾದ ಹಣವನ್ನು ಕಳೆದರೆ ಉಳಿಯುವುದೇ ಬಾಕಿ. ಇದನ್ನು ವಿವರಿಸಿದಾಗ ಭಾವನವರ ಮುಖಕ್ಕೆ ರಕ್ತ ಮರಳಿತು; ಆದರೆ ನಾಲ್ಕನೇ ಬಿಲ್ಲಿನ ಬುಡದಲ್ಲಿ ಬರೆದಿದ್ದ "ಸಂದಾಯ 17,40,000, ಬಾಕಿ 9,20,000" ಎಂಬ ಸಾಲನ್ನು ಓದುತ್ತಿದ್ದಂತೆ ಅದು ಮತ್ತೆ ಇಳಿಯಿತು.

"ಅಲ್ಲ ಮಾರಾಯ, ನಾನು ಕೊಟ್ಟಿದ್ದೇ 22,90,000. ಒಂದೊಂದನ್ನೂ ಬರೆದಿಟ್ಟಿದ್ದೀನಿ" ಎಂದು ಅವರು ಡೈರಿ ತೆಗೆದರು.

ಕೊಟ್ಟವರ ಲೆಕ್ಕಕ್ಕೂ ತೆಗೆದುಕೊಂಡವರ ಲೆಕ್ಕಕ್ಕೂ ನಡುವೆ 5,50,000 ರೂಪಾಯಿ ಎಲ್ಲಿಯೋ ಕಾಲು ಚಾಚಿ ಮಲಗಿತ್ತು. ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದೇನೆಂದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತರಿಸಿ, ಅದರಲ್ಲಿ ಕಂಟ್ರಾಕ್ಟರರ ಹೆಸರು ಬಂದ ಸಾಲುಗಳಿಗೆ ಮಾತ್ರ ಗೆರೆ ಎಳೆಯುವುದು. ಹಾಗೆ ಎಳೆದರೆ ಬರುವುದು 17,40,000ವೇ ಅಥವಾ ಅದರ ಆಸುಪಾಸಿನ ಮೊತ್ತವೇ, ಏಕೆಂದರೆ ಕಂಟ್ರಾಕ್ಟರರು ಕೂಡ ತಮ್ಮ ಪಾಸ್‌ಬುಕ್ಕಿನಲ್ಲಿ ಮಾಲೀಕರ ಹೆಸರು ಬಂದ ಸಾಲುಗಳನ್ನಷ್ಟೇ ಎಣಿಸಿರುತ್ತಾರೆ. ಜಗಳದ ಹಣ ಇರುವುದು ಇಬ್ಬರ ಹೆಸರೂ ಇಲ್ಲದ ಸಾಲುಗಳಲ್ಲಿ. ಹೀಗಾಗಿ ನಾನು ಹೆಸರನ್ನು ಬಿಟ್ಟು ಕರಾರಿನ ದಿನದಿಂದೀಚಿನ ಎಲ್ಲ ಖರ್ಚಿನ ಸಾಲುಗಳನ್ನೂ, ಹಾಗೆಯೇ ಯಾರೂ ನೋಡದ ಜಮೆಯ ಸಾಲುಗಳನ್ನೂ ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಭಾವನವರಿಂದ ಸಾಕ್ಷಿ ಕೇಳುತ್ತಾ ಹೋದೆ. ಒಬ್ಬ ಮನುಷ್ಯ ಗೊಬ್ಬರಕ್ಕೂ ಮಗಳ ಫೀಸಿಗೂ ಎಷ್ಟು ಸುರಿಯುತ್ತಾನೆಂಬ ಬೇಡದ ಜ್ಞಾನವೂ ಈ ಮಾರ್ಗದಲ್ಲಿ ದಕ್ಕುತ್ತದೆ.

ಮೊದಲು ಸಿಕ್ಕಿದ್ದು 1,85,000 ರೂಪಾಯಿ, ಶಿವಮೊಗ್ಗದ ಕಬ್ಬಿಣದ ಅಂಗಡಿಯೊಂದಕ್ಕೆ ಹೋದದ್ದು. ಮೋಲ್ಡಿಗೆ ಮುಂಚೆ ಸುಮಾರು ಮೂರು ಟನ್ ಕಂಬಿ ಬೇಕಾಗಿ, "ನನ್ನ ಖಾತೆಗೆ ಬಂದು ಮತ್ತೆ ಅಂಗಡಿಗೆ ಹೋಗೋದು ಯಾಕೆ ಗೌಡ್ರೇ, ನೇರ ಹಾಕ್ಬಿಡಿ" ಎಂದು ಕಂಟ್ರಾಕ್ಟರರೇ ಹೇಳಿದ್ದರಂತೆ. ಇಲ್ಲಿ ಅಂಗಡಿಯ ಬಿಲ್ಲು ಯಾರ ಹೆಸರಿನಲ್ಲಿದೆ ಎಂಬುದೇ ಮುಖ್ಯ. ಅದು ಕಂಟ್ರಾಕ್ಟರರ ಹೆಸರು ಮತ್ತು ಅವರ ಜಿಎಸ್‌ಟಿ ನಂಬರಿನ ಮೇಲೆಯೇ ಇತ್ತು; ಕರಾರಿನಂತೆ ಸಾಮಾನೂ ಅವರದೇ. ಅಂದಮೇಲೆ ಅವರ ಸಾಲವನ್ನು ಭಾವನವರು ತೀರಿಸಿದ್ದಾರೆ, ಅದು ಸಂದಾಯವೇ. ಕೂಲಿ ಮಾತ್ರದ ಗುತ್ತಿಗೆಯಾಗಿದ್ದರೆ ಇದೇ ಹಣ ಮಾಲೀಕರ ಸ್ವಂತ ಖರ್ಚಾಗುತ್ತಿತ್ತು.

ಎರಡನೆಯದು ಶನಿವಾರದ ಬಟವಾಡೆ. ಕಂಟ್ರಾಕ್ಟರರು ಊರಿನಲ್ಲಿಲ್ಲದ ವಾರಗಳಲ್ಲಿ ಭಾವನವರು ಯುಪಿಐ ಮೂಲಕ ಮೇಸ್ತ್ರಿಗೆ ಹಾಕಿದ ಚಿಲ್ಲರೆ ಮೊತ್ತಗಳೆಲ್ಲ ಸೇರಿ 65,000 ಆಗಿತ್ತು. ಮೇಸ್ತ್ರಿಯ ಫೋನ್ ನಂಬರು ಅವನ ಮಗನ ಬ್ಯಾಂಕ್ ಖಾತೆಗೆ ಜೋಡಿಸಿದ್ದರಿಂದ ಸ್ಟೇಟ್‌ಮೆಂಟಿನಲ್ಲಿ ಬಂದದ್ದು ಯಾರೂ ಕೇಳರಿಯದ ಒಬ್ಬ ಹುಡುಗನ ಹೆಸರು. ಈ ಅಜ್ಞಾತ ಯುವಕನಿಗೆ ವಾರ ಬಿಟ್ಟು ವಾರ ದುಡ್ಡು ಹೋದ ಕಾರಣವನ್ನು ಅಕ್ಕ ಬಾಗಿಲಲ್ಲಿ ನಿಂತು ವಿಚಾರಿಸತೊಡಗಿದಾಗ, ನಾನು ಬೇಗನೆ ಪುಟ ತಿರುಗಿಸಿದೆ.

ಮೂರನೆಯದು ಭಾವನವರ ವಿರುದ್ಧವೇ ಹೋಯಿತು. ಅವರು ಡೈರಿಯಲ್ಲಿ ಬರೆದಿದ್ದ 50,000 ರೂಪಾಯಿಯ ನೆಫ್ಟ್ ಖರ್ಚಿನ ಕಾಲಮಿನಲ್ಲೇನೋ ಇತ್ತು, ಆದರೆ ಅದೇ ದಿನ ಜಮೆಯ ಕಾಲಮಿನಲ್ಲೂ ಅಷ್ಟೇ ಹಣ `RETURN` ಎಂಬ ಷರಾದೊಂದಿಗೆ ತಣ್ಣಗೆ ಕೂತಿತ್ತು. ಬ್ಯಾಂಕುಗಳ ವಿಲೀನದ ನಂತರ ರದ್ದಾಗಿದ್ದ ಹಳೆಯ ಐಎಫ್‌ಎಸ್‌ಸಿ ಸಂಖ್ಯೆಯನ್ನು ಕಂಟ್ರಾಕ್ಟರರ ಹಳೆ ಚೆಕ್ಕಿನಿಂದ ನೋಡಿ ಹಾಕಿದ್ದರ ಫಲ ಅದು. ದುಡ್ಡು ಹೋದಾಗ ಬರುವ ಮೆಸೇಜನ್ನು ಜೋಪಾನ ಮಾಡುವ ಜನ, ವಾಪಸು ಬಂದಾಗಿನದನ್ನು ಓದುವುದೇ ಇಲ್ಲ.

ಉಳಿದದ್ದು 2,50,000. ಇದು ಭಾವನವರ ಸ್ಟೇಟ್‌ಮೆಂಟಿನಲ್ಲಿ ಎಲ್ಲಿಯೂ ಇರಲಿಲ್ಲ. ಖರ್ಚೂ ಇಲ್ಲ, ಜಮೆಯೂ ಇಲ್ಲ, ಡೈರಿಯಲ್ಲಿ ಮಾತ್ರ "ಕಂಟ್ರಾಕ್ಟರ್ 2.5" ಎಂದು ಎರಡು ಗೆರೆ ಎಳೆದು ಬರೆದಿತ್ತು. ಬಹಳ ಹೊತ್ತು ತಲೆ ಕೆರೆದುಕೊಂಡ ಮೇಲೆ ಅಕ್ಕನೇ ಅಡುಗೆಮನೆಯಿಂದ ಕೂಗಿದಳು: "ಮಂಡೀಲಿ ಹೇಳಿ ಹಾಕಿಸಿದ್ರಲ್ಲ!" ಅಡಿಕೆ ಬೆಳೆಗಾರರಿಗೆ ಬೇರೆ ವಿವರಣೆ ಬೇಕಾಗಿಲ್ಲ. ಅಡಿಕೆ ಮಾರಿದ ಹಣ ಮಂಡಿಯ ಖಾತೆಯಲ್ಲೇ ಇರುತ್ತದೆ. ಅದರಲ್ಲಿ ಇಂಥವರಿಗೆ ಇಷ್ಟು ಕಳಿಸಿ ಎಂದು ಫೋನಿನಲ್ಲಿ ಹೇಳಿದರೆ ಮಂಡಿಯವರು ಕಳಿಸುತ್ತಾರೆ. ಹಣ ಭಾವನವರದೇ, ಆದರೆ ಅದು ಅವರ ಬ್ಯಾಂಕಿನ ಹೊಸ್ತಿಲನ್ನೇ ತುಳಿದಿಲ್ಲ.

ಕಂಟ್ರಾಕ್ಟರರನ್ನು ಕರೆಸಿದೆವು. ತಮ್ಮ ಸ್ಟೇಟ್‌ಮೆಂಟಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಬಂದರು, ಮೋಸದ ಮನುಷ್ಯರಲ್ಲ. ಕಂಬಿಯ ಬಿಲ್ಲನ್ನು ಕಂಡೊಡನೆ ಒಪ್ಪಿದರು. ಮೇಸ್ತ್ರಿಯ 65,000ಕ್ಕೆ ಸ್ವಲ್ಪ ಕೊಸರಾಡಿದರಾದರೂ, ಅವರದೇ ಕೂಲಿ ಪುಸ್ತಕದಲ್ಲಿ ಆ ವಾರಗಳ ಮುಂದೆ "ಗೌಡ್ರು ಕೊಟ್ಟಿದ್ದು" ಎಂದು ಬರೆದು ಮೇಸ್ತ್ರಿಯ ಲೆಕ್ಕದಲ್ಲಿ ಅಷ್ಟು ಹಣವನ್ನು ಮುರಿದುಕೊಂಡಿದ್ದು ಕಂಡಿತು. ಒಂದು ಪುಸ್ತಕದಲ್ಲಿ ಮುರಿದುಕೊಂಡ ಮೇಲೆ ಇನ್ನೊಂದರಲ್ಲಿ ಜಮೆ ಮಾಡದೆ ಗತಿಯಿಲ್ಲ. ಆದರೆ ಮಂಡಿಯ ಹಣ ಎನ್ನುತ್ತಿದ್ದಂತೆ ಅವರು ಖಡಾಖಂಡಿತವಾಗಿ ತಲೆಯಾಡಿಸಿದರು.

"ಅದು ನನ್ನ ಅಡಿಕೆ ದುಡ್ಡು ಗೌಡ್ರೇ. ನಾನೂ ಅದೇ ಮಂಡಿಗೇ ಹಾಕೋದು."

ಹೌದು, ಕಂಟ್ರಾಕ್ಟರರಿಗೂ ಎರಡೆಕರೆ ತೋಟವಿದೆ. ಅವರ ಸ್ಟೇಟ್‌ಮೆಂಟಿನಲ್ಲಿ ಕಳಿಸಿದವರ ಜಾಗದಲ್ಲಿದ್ದದ್ದು ಮಂಡಿಯ ಹೆಸರು, ಭಾವನವರದಲ್ಲ. ಅವರು ಅದನ್ನು ತಮ್ಮ ಅಡಿಕೆಯ ಬಾಬ್ತು ಎಂದುಕೊಂಡು, ಈ ಸಲ ರೇಟು ಚೆನ್ನಾಗಿ ಬಂತೆಂದು ಖುಷಿಪಟ್ಟು, ಮನೆಯವರಿಗೆ ಬಳೆಯನ್ನೂ ಮಾಡಿಸಿದ್ದರು. ಇಲ್ಲಿ ತಾರೀಕು, ಮೊತ್ತ ಯಾವುದೂ ಸಾಕ್ಷಿಯಾಗದು; ಅದೇ ಮಂಡಿ ಅದೇ ವಾರ ಇಬ್ಬರಿಗೂ ಹಣ ಕಳಿಸಿರಬಹುದು. ಸಾಕ್ಷಿ ಹೇಳುವುದು ಯುಟಿಆರ್ ಸಂಖ್ಯೆ ಒಂದೇ. ಎರಡು ಲಕ್ಷಕ್ಕೆ ಕಡಿಮೆಯಿಲ್ಲದ ಹಣ ಆರ್‌ಟಿಜಿಎಸ್‌ನಲ್ಲಿ ಹೋದಾಗ ಅದಕ್ಕೆ 22 ಅಕ್ಷರ-ಅಂಕಿಗಳ ಒಂದು ಗುರುತು ಬೀಳುತ್ತದೆ, ಕಳಿಸಿದವರ ಕಡೆಯೂ ಪಡೆದವರ ಕಡೆಯೂ ಅದೇ ಗುರುತು. ಮಂಡಿಗೆ ಫೋನು ಮಾಡಿ, ಭಾವನವರ ಖಾತೆಯಲ್ಲಿ ಆ ಹಣವನ್ನು ಖರ್ಚು ಹಾಕಿದ ಪುಟವನ್ನೂ ಯುಟಿಆರ್ ಅನ್ನೂ ವಾಟ್ಸ್ಯಾಪಿನಲ್ಲಿ ತರಿಸಿದೆವು. ನಾನು ಒಂದೊಂದೇ ಅಂಕಿಯನ್ನು ಓದುತ್ತಾ ಹೋದೆ, ಕಂಟ್ರಾಕ್ಟರರು ತಮ್ಮ ಹಾಳೆಯ ಮೇಲೆ ಬೆರಳಿಟ್ಟು ಹ್ಞೂಂಗುಟ್ಟುತ್ತಾ ಬಂದರು. ಇಪ್ಪತ್ತೆರಡನೆಯದಕ್ಕೆ ಅವರು ಹ್ಞೂಂ ಅನ್ನಲಿಲ್ಲ, "ಹಂಗಾದ್ರೆ ನನ್ನ ಅಡಿಕೆ ದುಡ್ಡು ಇನ್ನೂ ಮಂಡೀಲೇ ಇದೆ!" ಎಂದು ಎದ್ದು ನಿಂತರು. ನಿಜವಾಗಿ ಇತ್ತು.

ಅಲ್ಲಿಗೆ ಸಂದಾಯ 22,40,000 ಎಂದು ಇಬ್ಬರೂ ಒಪ್ಪಿದಂತಾಯಿತು. ಇನ್ನು ಕೊಡಬೇಕಾದದ್ದೆಷ್ಟು? ಕರಾರಿನ ಹಂತಗಳನ್ನು ಓದಿದೆವು: ಕರಾರಿನ ದಿನ 10%, ಪಾಯ ಮುಗಿದು ಪ್ಲಿಂತ್ ಬೀಮ್ ಬಿದ್ದಾಗ 20%, ಲಿಂಟಲ್‌ಗೆ 15%, ಮೋಲ್ಡ್ ಹಾಕಿದಾಗ 25%, ಒಳಗೆ ಹೊರಗೆ ಗಾರೆ ಮುಗಿದ ಮೇಲೆ 15%, ನೆಲ ಮತ್ತು ಬಣ್ಣಕ್ಕೆ 10%, ಕೀಲಿ ಕೊಡುವಾಗ 5%. ಮೋಲ್ಡಿನವರೆಗೆ 21,00,000 ಆಗುತ್ತದೆ. ಕಾಂಪೌಂಡಿನ ಹೆಚ್ಚುವರಿ ಕೆಲಸಕ್ಕೆ ಬೇರೆ ಚೀಟಿಯಲ್ಲಿ ಒಪ್ಪಿದ 1,10,000 ಸೇರಿದರೆ 22,10,000. ಗಾರೆಯ ಹಂತದ 4,50,000ವನ್ನು ಕಂಟ್ರಾಕ್ಟರರು ಪೂರ್ತಿ ಬಿಲ್ಲಿಗೆ ಹಾಕಿದ್ದರು, ಆದರೆ ಮಳೆಗಾಲ ಹಿಡಿದು ಹೊರಗಿನ ಗೋಡೆಗೆ ಗಾರೆ ಮುಟ್ಟಿಯೇ ಇರಲಿಲ್ಲ. ಜಂಬಿಟ್ಟಿಗೆ ಬೆತ್ತಲೆಯಾಗಿ ನೆನೆಯುತ್ತಿತ್ತು. ಹಂತ ಮುಗಿಯದೆ ಹಣ ಬರುವುದಿಲ್ಲ. ಒಂಬತ್ತು ಲಕ್ಷದ ಬಾಕಿ ಕೇಳಲು ಬಂದವರ ಬಳಿ ಈಗ ಭಾವನವರದೇ 30,000 ರೂಪಾಯಿ ಹೆಚ್ಚಾಗಿ ಕೂತಿತ್ತು.

ಭಾವನವರು ಮೀಸೆ ತಿರುವಿಕೊಳ್ಳುವಷ್ಟರಲ್ಲಿ ನಾನು ತಡೆದೆ. ಒಳಗಿನ ಗಾರೆ ಮುಗಿದಿದ್ದು ನಿಜ, ಆ ಆಳುಗಳಿಗೆ ಕೂಲಿ ಹೋಗಿದ್ದೂ ನಿಜ. ನಕ್ಷೆ ಮಾಡಿದ ಇಂಜಿನಿಯರು ಬಂದು ಟೇಪು ಹಿಡಿದು ಅಳೆದರು. ಗಾರೆಯ ಹಂತವನ್ನು ಎರಡಾಗಿ ಒಡೆದು, ಒಳಗಿನದಕ್ಕೆ 2,50,000, ಹೊರಗಿನದಕ್ಕೆ ಮಳೆ ಬಿಟ್ಟ ಮೇಲೆ 2,00,000 ಎಂದು ಕರಾರಿನ ಬೆನ್ನಿಗೆ ಬರೆದು ಇಬ್ಬರ ಸಹಿಯನ್ನೂ ಹಾಕಿಸಿದೆವು. ಹೆಚ್ಚಾಗಿ ಹೋದದ್ದನ್ನು ಕಳೆದು ಈಗ ಕೊಡಬೇಕಾದದ್ದು 2,20,000. ಕೊನೆಯ 5% ಮುಟ್ಟಬಾರದೆಂದು ನಾನು ಭಾವನವರಿಗೆ ಮೆಲ್ಲಗೆ ಹೇಳಿದೆ. ಬಾಗಿಲಿನ ಚಿಲಕ, ಸೋರುವ ನಲ್ಲಿ ಇವೆಲ್ಲ ಸರಿಯಾಗುವುದು ಆ ಹಣ ನಮ್ಮ ಕೈಯಲ್ಲಿರುವವರೆಗೆ ಮಾತ್ರ.

ಭಾವನವರು ಫೋನು ತೆಗೆದಾಗ ಕಂಟ್ರಾಕ್ಟರರು ಕೆಮ್ಮಿದರು. "ಒಂದ್ ಕೆಲಸ ಮಾಡಿ, ನನ್ನ ಭಾಮೈದನ ಖಾತೆಗೆ ಹಾಕ್ಬಿಡಿ. ನನ್ನದಕ್ಕೆ ಬಂದ್ರೆ ಸಾಲದ ಕಂತಿಗೆ ಹಿಡ್ಕೊಂತಾರೆ."

"ಹಾಕ್ಲಿ. ಭಾಮೈದನಿಗೆ ಹೋದದ್ದು ನಂಗೇ ಬಂದ ಹಾಗೆ ಅಂತ ಒಂದು ಚೀಟಿ ಬರ್ದು ಸಹಿ ಮಾಡಿಕೊಡಿ" ಎಂದಳು ಅಕ್ಕ, ಕಡುಬಿನ ತಟ್ಟೆಯನ್ನು ಅವರ ಮುಂದೆ ಇಡದೆ ಕೈಯಲ್ಲೇ ಹಿಡಿದುಕೊಂಡು.

ಕಂಟ್ರಾಕ್ಟರರು ತಟ್ಟೆಯನ್ನೂ ಅಕ್ಕನನ್ನೂ ನೋಡಿ, ತಮ್ಮ ಖಾತೆಗೇ ಆಗಬಹುದೆಂದರು. ಭಾವನವರು ಷರಾ ಬರೆಯುವ ಜಾಗದಲ್ಲಿ `INNER PLASTER BILL 4` ಎಂದು ಒಂದೊಂದೇ ಅಕ್ಷರ ಒತ್ತಿ ಹಣ ಕಳಿಸಿದರು. ಕಂಟ್ರಾಕ್ಟರರ ಜೇಬಿನಲ್ಲಿ ಫೋನು ಗುಂಯ್ ಎಂದಿತು.

"ಇದು ಅಡಿಕೇದಲ್ಲ ಮಾರಾಯ್ರೇ, ಈಗಲೇ ಬರ್ಕೊಳ್ಳಿ" ಎಂದರು ಭಾವನವರು.