"ರೀ, ಮಾತ್ರೆ ತಗೊಂಡ್ರಾ?"

ದಿನಾ ಬೆಳಗ್ಗೆ ಎಂಟೂವರೆಗೆ ನಮ್ಮ ಅಡುಗೆಮನೆಯಿಂದ ಒಗ್ಗರಣೆಯ ಚಟಪಟದ ಜೊತೆ ಈ ಪ್ರಶ್ನೆ ಬರುತ್ತದೆ. ನಾನು ಪೇಪರಿನಿಂದ ತಲೆ ಎತ್ತದೆ "ಹೂಂ" ಅನ್ನುತ್ತೇನೆ. ಆ ಹೂಂಗೆ ತಗೊಂಡೆ ಅಂತಲೂ ಅರ್ಥ, ತಗೊಳ್ತೀನಿ ಅಂತಲೂ ಅರ್ಥ. ಎಡವಟ್ಟಾಗಿದ್ದು ಇಲ್ಲೇ.

ನನ್ನದು ಬಿಪಿ ಮಾತ್ರೆ, ಆಮ್ಲೋಡಿಪಿನ್, 5 ಎಂಜಿ, ದಿನಕ್ಕೆ ಒಂದು. ಮೊನ್ನೆ ಇಡ್ಲಿ ಮುಗಿಸಿ ಒಂದು ನುಂಗಿದ್ದೆ. ಹತ್ತು ನಿಮಿಷ ಬಿಟ್ಟು ಹೆಂಡತಿ ಒಂದು ಕೈಲಿ ಕಾಫಿ, ಇನ್ನೊಂದು ಕೈಲಿ ಮಾತ್ರೆ ಹಿಡಿದು ಬಂದಳು. ಯಾರಾದರೂ ಅಂಗೈ ಮುಂದೆ ಚಾಚಿದರೆ ಅದರಲ್ಲಿರುವುದನ್ನು ಪ್ರಸಾದದ ಹಾಗೆ ಬಾಯಿಗೆ ಹಾಕಿಕೊಳ್ಳುವ ಜಾತಿ ನನ್ನದು. ಹಾಕಿಕೊಂಡೆ. ಗಂಟಲಿನಿಂದ ಇಳಿದ ಮೇಲೆ ನೆನಪಾಯಿತು.

ಓಡಿಹೋಗಿ ಬಿಪಿ ಮಿಷನ್ ಕಟ್ಟಿಕೊಂಡೆ. 154/92! ಎರಡು ಮಾತ್ರೆ ತಿಂದರೆ ಇಳಿಯಬೇಕಲ್ವಾ? ಪಕ್ಕದ ಮನೆಯವರು ಉಪ್ಪುನೀರು ಕುಡಿದು ವಾಂತಿ ಮಾಡಿ ಅಂದರು. ಅದೃಷ್ಟಕ್ಕೆ ಅಷ್ಟರಲ್ಲಿ ಡಾಕ್ಟರ್ ಫೋನ್ ಎತ್ತಿದರು.

"ಯಾವ ಮಾತ್ರೆ, ಎಷ್ಟು ಎಂಜಿ, ಎಷ್ಟು ಹೊತ್ತಿಗೆ ತಗೊಂಡ್ರಿ, ಬೇರೆ ಏನೇನು ತಗೊಳ್ತೀರಿ?" ಅಷ್ಟೇ ಕೇಳಿದ್ದು. ಹೇಳಿದೆ. "ವಾಂತಿ ಗೀಂತಿ ಮಾಡ್ಕೋಬೇಡಿ. ಐದೂ ಐದೂ ಹತ್ತು. ಈ ಮಾತ್ರೆಗೆ ದಿನಕ್ಕೆ ಅದೇ ಗರಿಷ್ಠ, ಎಷ್ಟೋ ಜನಕ್ಕೆ ನಾನೇ ಹತ್ತು ಬರೆದುಕೊಡ್ತೀನಿ. ಈಗ ಏರಿರೋದು ನಿಮ್ಮ ಗಾಬರಿ. ಮಾತ್ರೆ ಇನ್ನೂ ಕೆಲಸಾನೇ ಶುರು ಮಾಡಿಲ್ಲ."

ನನಗೆ ಹಾರ್ಟ್, ಲಿವರ್ ತೊಂದರೆ ಇಲ್ಲ, ಬೇರೆ ಬಿಪಿ ಮಾತ್ರೆಯೂ ಇಲ್ಲ. ಮನೆಯಲ್ಲೇ ಇರಿ ಅಂದಿದ್ದು ಅದಕ್ಕೆ. ಮೆಟೊಪ್ರೊಲಾಲ್‌ನಂಥ ನಾಡಿ ನಿಧಾನ ಮಾಡುವ ಮಾತ್ರೆಯೋ, ಎರಡು ಮೂರು ಥರದ ಬಿಪಿ ಮಾತ್ರೆಗಳೋ ಡಬಲ್ ಆಗಿದ್ದರೆ, ಇಲ್ಲಾ ನುಂಗಿದವರು ತೀರಾ ವಯಸ್ಸಾದವರಾಗಿದ್ದರೆ ಸೀದಾ ಆಸ್ಪತ್ರೆಗೆ ಬರಲು ಹೇಳುತ್ತಿದ್ದರಂತೆ. ಮಗು ನುಂಗಿದರಂತೂ ಒಂದೇ ಮಾತ್ರೆಯಾದರೂ ಕಾಯುವ ಹಾಗಿಲ್ಲ.

ಒಂಬತ್ತೂವರೆಗೆ ನಾನು ಆರಾಮಾಗಿದ್ದೆ. ಗೆದ್ದೆ ಅಂದುಕೊಂಡೆ. ಆದರೆ ಆಮ್ಲೋಡಿಪಿನ್ ನಿಧಾನಸ್ಥ. ರಕ್ತದಲ್ಲಿ ಅದರ ಮಟ್ಟ ಪೂರ್ತಿ ಏರುವುದೇ ಆರರಿಂದ ಹನ್ನೆರಡು ಗಂಟೆಗೆ. ಅಂದರೆ ನನ್ನ ಲೆಕ್ಕದಲ್ಲಿ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಎಂಟೂವರೆವರೆಗೆ. ಸ್ಕೂಟರ್ ಮುಟ್ಟಬೇಡಿ, ಏಳುವಾಗ ಮೊದಲು ಕಾಲು ಇಳಿಬಿಟ್ಟು ಸ್ವಲ್ಪ ಕೂತು ಆಮೇಲೆ ಏಳಿ ಅಂತ ಡಾಕ್ಟರ್ ಹೇಳಿದ್ದರು. ನಾಲ್ಕು ಗಂಟೆಗೆ 106/66 ಇತ್ತು. ಆಗಲೇ ಕೊರಿಯರ್‌ನವನು ಬೆಲ್ ಮಾಡಬೇಕೇ! ಅಭ್ಯಾಸಬಲ, ಧಡಕ್ಕನೆ ಎದ್ದೆ. ಗೋಡೆಯ ಕ್ಯಾಲೆಂಡರ್ ಒಂದು ಸುತ್ತು ಹಾಕಿ ವಾಪಸ್ ಬಂತು. ಮಲಗಿ ಕಾಲಡಿ ಎರಡು ದಿಂಬು ಇಟ್ಟ ಮೇಲೆ ಸರಿಹೋಯಿತು. ಕೊರಿಯರ್‌ನಲ್ಲಿ ಬಂದಿದ್ದು ಇನ್ಶೂರೆನ್ಸ್‌ನವರ ಕಾಗದ.

ಎಚ್ಚರ ತಪ್ಪಿದರೆ, ಎದೆನೋವು, ಉಸಿರಾಟದ ತೊಂದರೆ ಬಂದರೆ, ಮೇಲಿನ ನಂಬರ್ 90ಕ್ಕಿಂತ ಕೆಳಗಿಳಿದರೆ ತಕ್ಷಣ ಹೊರಡಬೇಕಿತ್ತು. ಅದ್ಯಾವುದೂ ಆಗಲಿಲ್ಲ. ಮರುದಿನ ಬೆಳಗ್ಗೆ 124/80. ಡಾಕ್ಟರನ್ನು ಕೇಳಿಕೊಂಡು ಮಾಮೂಲಿ ಹೊತ್ತಿಗೆ ಒಂದು ನುಂಗಿದೆ. ಒಂದೇ.

ಮರೆಯುವುದರಲ್ಲೂ ನಾನು ಹಿಂದೆ ಬಿದ್ದವನಲ್ಲ. ತಿಪಟೂರಿನ ಮದುವೆಯಲ್ಲಿ ಹೋಳಿಗೆ ಊಟ ಆದ ಮೇಲೆ ಮೂರು ಗಂಟೆಗೆ ನೆನಪಾಯಿತು, ಆಗಲೇ ತಗೊಂಡೆ. ಇನ್ನೊಂದು ಸಲ ನೆನಪಾಗಿದ್ದು ಮಾರನೇ ದಿನ ಬೆಳಗ್ಗೆ. ನಿನ್ನೆಯ ಬಾಕಿ ಸೇರಿಸಿ ಎರಡು ನುಂಗೋಣವೇ ಅನ್ನಿಸಿತು. ಇದೇನು ಹಾಲಿನವನ ಲೆಕ್ಕವೇ? ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಮೊನ್ನೆಯದು ಒಳಗೆ ಇನ್ನೂ ಡ್ಯೂಟಿಯಲ್ಲಿತ್ತು. ಹಾಗಾಗಿ ಹೋದದ್ದು ಹೋಯಿತು ಅಂತ ಬಿಟ್ಟು ಅವತ್ತಿನದು ಮಾತ್ರ ತಗೊಂಡೆ. ತಗೊಂಡೆನೋ ಇಲ್ಲವೋ ಅನ್ನುವ ಅನುಮಾನ ಬಂದ ದಿನವೂ ಸುಮ್ನಿದ್ದುಬಿಡುತ್ತೇನೆ.

ಇದನ್ನೆಲ್ಲ ನೋಡಿ ಮಗಳು ಏಳು ಖಾನೆಯ ಮಾತ್ರೆ ಡಬ್ಬಿ ತಂದುಕೊಟ್ಟಳು. ಭಾನುವಾರದಿಂದ ಶುರು. ಮುಚ್ಚಳಗಳ ಮೇಲೆ ಇಂಗ್ಲಿಷಿನ ಒಂದೊಂದೇ ಅಕ್ಷರ. ಮಂಗಳವಾರ ಪೇಪರ್ ಮುಗಿಸಿ ನೋಡುತ್ತೇನೆ, ಮಂಗಳವಾರದ ಮಾತ್ರೆ ಹಾಗೇ ಇದೆ! ಬಾಯಿಗೆ ಹಾಕಿಕೊಳ್ಳುವ ಮೊದಲು ಹೆಂಡತಿ ಡಬ್ಬಿ ಕಿತ್ತುಕೊಂಡು ಎಣಿಸಿದಳು. ಏಳು ತುಂಬಿದ್ದು, ಮೂರು ದಿನ ಆಯಿತು, ಉಳಿದಿರುವುದು ನಾಲ್ಕು.

"ತಗೊಂಡಿದೀರ. ಗುರುವಾರದ್ದು ನುಂಗಿದೀರ."

ಎರಡೂ 'ಟಿ'. ನನ್ನ ತಪ್ಪೇನಿದೆ ಹೇಳಿ?